ಬರೀ ಸೊನ್ನೆ–ಒಂದು, ಬರೀ ಚುಕ್ಕೆ–ಗೆರೆ: ಬಂದ ಸಾಲು ಸಂದೇಶವೇ ಎಂದು ಪತ್ತೆಹಚ್ಚುವ ಕೈಪಿಡಿ

ಹಿಂದೆ ಮುಂದೆ ಏನೂ ಇಲ್ಲದೆ ಸೊನ್ನೆ ಮತ್ತು ಒಂದುಗಳ ಒಂದು ಸಾಲು ಬಂದಿದೆ. ಸೊನ್ನೆ–ಒಂದುಗಳನ್ನು ಅಕ್ಷರ ಮಾಡಿಕೊಡುವ ಪರಿವರ್ತಕಕ್ಕೆ ಹಾಕಿದರೆ ಅರ್ಥವಾಗದ ಚಿಹ್ನೆಗಳು ಮೂಡುತ್ತವೆ. ಅಷ್ಟಕ್ಕೇ ಹೆಚ್ಚಿನವರು ‘ಯಾರೋ ಸುಮ್ಮನೆ ಒತ್ತಿದ್ದು’ ಎಂದು ಕೈಬಿಡುತ್ತಾರೆ. ಆ ತೀರ್ಮಾನ ಆತುರದ್ದು. ಪರಿವರ್ತಕ ಸೋಲುವುದಕ್ಕೆ ಮೂರು ಕಾರಣಗಳಿರಬಹುದು: ಸಾಲಿನಲ್ಲಿ ಸಂದೇಶವೇ ಇಲ್ಲದಿರಬಹುದು; ಸಂದೇಶವಿದ್ದೂ ದಾರಿಯಲ್ಲಿ ಒಂದೆರಡು ಅಂಕಿ ಬಿದ್ದುಹೋಗಿರಬಹುದು; ಸಾಲು ಸರಿಯಾಗಿಯೇ ಇದ್ದು ನಾವು ತಪ್ಪು ಅಳತೆಯಲ್ಲಿ ಕತ್ತರಿಸುತ್ತಿರಬಹುದು. ತೆರೆಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಇವನ್ನು ಬೇರ್ಪಡಿಸುವ ಕ್ರಮ ಮುಂದಿದೆ.

ಮೊದಲು ದಾರಿಯಲ್ಲಾದ ಹಾನಿ ನೋಡಿ

ಸಾಲನ್ನು ಬಿಡಿಸುವ ಮೊದಲು ಅದು ನಿಮ್ಮ ಕೈಗೆ ಹೇಗೆ ಬಂತು ಎಂದು ತಿಳಿದುಕೊಳ್ಳಿ. ಚಿತ್ರದಿಂದ ನೋಡಿಕೊಂಡು ಟೈಪ್ ಮಾಡಿದ್ದಾದರೆ ಒಂದೇ ಅಂಕಿ ನಾಲ್ಕೈದು ಸಲ ಸತತವಾಗಿ ಬರುವ ಜಾಗಗಳಲ್ಲಿ ತಪ್ಪಿರುವ ಸಾಧ್ಯತೆ ಹೆಚ್ಚು. ಐದು ಒಂದುಗಳಿದ್ದಲ್ಲಿ ಕಣ್ಣು ನಾಲ್ಕನ್ನೇ ಎಣಿಸಿಬಿಡುತ್ತದೆ. ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶ ಬಳಸಿದ್ದರೆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರವೂ ಒಂದರ ಜಾಗದಲ್ಲಿ ಎಲ್ ಅಕ್ಷರವೂ ನುಸುಳಿರುತ್ತವೆ. ಇದನ್ನು ಕಣ್ಣಿನಿಂದ ಹುಡುಕಬೇಡಿ. ಸಾಲಿನಲ್ಲಿರುವ ಬೇರೆಬೇರೆ ಚಿಹ್ನೆಗಳು ಎಷ್ಟು ಎಂದು ಯಂತ್ರದಿಂದಲೇ ಎಣಿಸಿ. ಎರಡಕ್ಕಿಂತ ಹೆಚ್ಚು ಬಂದರೆ ಹಾನಿಯಾಗಿದೆ, ಇಲ್ಲವೇ ನಡುವೆ ಖಾಲಿ ಜಾಗಗಳಿವೆ.

ಸ್ಪ್ರೆಡ್‌ಶೀಟ್ ಮೂಲಕ ಬಂದ ಸಾಲಿಗೆ ಇನ್ನೂ ದೊಡ್ಡ ಪೆಟ್ಟು ಬಿದ್ದಿರುತ್ತದೆ. ಅದು ಸಾಲನ್ನು ಸಂಖ್ಯೆ ಎಂದು ತಿಳಿದು ಸಾಲಿನ ಆರಂಭದಲ್ಲಿರುವ, ಅಂದರೆ ಮುಂದಿನ, ಸೊನ್ನೆಗಳನ್ನು ಅಳಿಸುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬುತ್ತದೆ. ಮೊದಲ 15 ಅಂಕಿ ಬೆರಕೆಯಾಗಿದ್ದು ಆಮೇಲೆ ಕೊನೆಯವರೆಗೂ ಸೊನ್ನೆಯೇ ಇದ್ದರೆ ಕಾರಣ ಇದೇ. ಅಂಥ ಸಾಲನ್ನು ಯಾವ ಜಾಣತನದಿಂದಲೂ ಮರಳಿ ಪಡೆಯಲಾಗದು, ಮೂಲವನ್ನೇ ಕೇಳಬೇಕು. ಮುಂದಿನ ಸೊನ್ನೆ ಮಾತ್ರ ಹೋಗಿದ್ದರೆ ರಿಪೇರಿ ಸುಲಭ. ಎಂಟು ಬಿಟ್‌ಗಳ ಆಸ್ಕಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ಎಂಟೆಂಟು ಸೊನ್ನೆ–ಒಂದುಗಳಾಗಿ ಬರೆಯುವ ಪದ್ಧತಿಯಲ್ಲಿ, ಪ್ರತಿ ಅಕ್ಷರವೂ ಸೊನ್ನೆಯಿಂದಲೇ ಆರಂಭವಾಗುವುದರಿಂದ, ಮೊದಲಕ್ಷರ ಇಂಗ್ಲಿಷ್ ವರ್ಣಮಾಲೆಯದಾಗಿದ್ದರೆ ಒಂದು ಸೊನ್ನೆ ಹೋಗಿರುತ್ತದೆ, ಅಂಕಿ ಅಥವಾ ಖಾಲಿ ಜಾಗವಾಗಿದ್ದರೆ ಎರಡು ಹೋಗಿರುತ್ತವೆ. ಉದ್ದವನ್ನು ಎಂಟರಿಂದ ಭಾಗಿಸಿದಾಗ ಶೇಷ 7 ಅಥವಾ 6 ಬಂದರೆ ಈ ಅನುಮಾನ ಮೊದಲು ಬರಲಿ. ಆದರೆ ಅನುಮಾನವಾಗಿಯೇ ಇರಲಿ. ಶೇಷ 7 ಎಂದಾಕ್ಷಣ ಮುಂದೆ ಸೊನ್ನೆ ಅಂಟಿಸುವುದು ಎಂಥ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಮುಂದೆ ಒಂದು ಉದಾಹರಣೆ ಬರುತ್ತದೆ.

ಉದ್ದ, ಸತತ ಗುಂಪು, ಕಾಲಂ

ಸಾಲು ಶುದ್ಧವಾಗಿದೆ ಎನಿಸಿದ ಮೇಲೆ ಮೂರು ಅಳತೆ ತೆಗೆಯಿರಿ. ಸಾಲನ್ನು ಉದ್ಧರಣ ಚಿಹ್ನೆಗಳೊಳಗೆ `s` ಎಂಬ ಹೆಸರಿನಲ್ಲಿ ಇಟ್ಟುಕೊಂಡರೆ ಪೈಥಾನ್‌ನಲ್ಲಿ ಇಷ್ಟು ಸಾಕು:

```
from itertools import groupby
from collections import Counter

print(len(s), Counter(s))
print(Counter((k, len(list(g))) for k, g in groupby(s)))
print([s[i::8].count("1") for i in range(8)])
```

ಮೊದಲ `print` ಸಾಲು ಒಟ್ಟು ಉದ್ದವನ್ನೂ ಯಾವ ಅಂಕಿ ಎಷ್ಟು ಸಲ ಬಂದಿದೆ ಎಂಬುದನ್ನೂ ಹೇಳುತ್ತದೆ. ಉದ್ದ ಎಂಟರ ಗುಣಕವಾದರೆ ಎಂಟೆಂಟು ಬಿಟ್ಟಿನ ಗುಂಪುಗಳಾದ ಬೈಟ್‌ಗಳು, ಏಳರದ್ದಾದರೆ ಮುಂದಿನ ಸೊನ್ನೆ ಬಿಟ್ಟು ಬರೆದ ಆಸ್ಕಿ, ಐದರದ್ದಾದರೆ ಐದೈದರ ಗುಂಪಿನ ಹಳೆಯ ಪದ್ಧತಿಗಳನ್ನು ನೋಡಬೇಕು. ಎರಡೇ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾದ ಉದ್ದ ಸಿಕ್ಕರೆ ಅದು ಅಕ್ಷರಗಳ ಬದಲು ಚಿತ್ರವಾಗಿರಬಹುದು. 1974ರಲ್ಲಿ ಅರೆಸಿಬೊ ದೂರದರ್ಶಕದಿಂದ ಆಕಾಶಕ್ಕೆ ಕಳಿಸಿದ ಸಂದೇಶದಲ್ಲಿ 1679 ಬಿಟ್‌ಗಳಿದ್ದವು. ಅದು 23 ಮತ್ತು 73ರ ಗುಣಲಬ್ಧ. ಸಾಲನ್ನು 23 ಅಗಲದ 73 ಪಂಕ್ತಿಗಳಾಗಿ ಜೋಡಿಸಿದರೆ ಚಿತ್ರ ಮೂಡುತ್ತದೆ.

ಎರಡನೆಯ ಸಾಲು ಒಂದೇ ಅಂಕಿಯ ಸತತ ಗುಂಪುಗಳ ಉದ್ದ ಕೊಡುತ್ತದೆ. ಇಲ್ಲಿ ಒಂದು ವಿಷಯ ತಟ್ಟನೆ ಸಿಕ್ಕಿಬೀಳುತ್ತದೆ. ಒಂದುಗಳು 1 ಅಥವಾ 3ರ ಗುಂಪಿನಲ್ಲೇ, ಸೊನ್ನೆಗಳು 1, 3 ಅಥವಾ 7ರ ಗುಂಪಿನಲ್ಲೇ ಬರುತ್ತಿದ್ದರೆ ಅದು ಸೊನ್ನೆ–ಒಂದುಗಳ ವೇಷ ಹಾಕಿದ ಮೋರ್ಸ್. ಮೋರ್ಸ್‌ನಲ್ಲಿ ಚುಕ್ಕೆಯ ಕಾಲ ಒಂದು ಮಾನ, ಗೆರೆಯದು ಮೂರು; ಅಕ್ಷರದ ಒಳಗಿನ ತೆರಪು ಒಂದು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಸದ್ದು ಇದ್ದಾಗ ಒಂದು, ಇಲ್ಲದಾಗ ಸೊನ್ನೆ ಎಂದು ಬರೆದರೆ ಈ ಅಳತೆಗಳು ಹಾಗೆಯೇ ಉಳಿಯುತ್ತವೆ. ಎರಡರ ಗುಂಪು ಒಂದೂ ಇಲ್ಲದಿರುವುದೇ ಗುರುತು, ಏಕೆಂದರೆ ಮನಬಂದಂತೆ ಬರೆದ ಸಾಲಿನಲ್ಲಿ ಗುಂಪುಗಳ ಪೈಕಿ ಸುಮಾರು ಕಾಲು ಭಾಗ ಎರಡರವೇ ಆಗಿರುತ್ತವೆ.

ಮೂರನೆಯ ಸಾಲು ನಿಜವಾದ ಒರೆಗಲ್ಲು. ಸಾಲನ್ನು ಎಂಟೆಂಟಾಗಿ ಕತ್ತರಿಸಿ ಒಂದರ ಕೆಳಗೊಂದು ಇಟ್ಟಾಗ ಪ್ರತಿ ಕಾಲಂನಲ್ಲಿ ಎಷ್ಟು ಒಂದುಗಳಿವೆ ಎಂದು ಅದು ಎಣಿಸುತ್ತದೆ. ಆಸ್ಕಿ ಪಠ್ಯದಲ್ಲಿ ಮೊದಲ ಕಾಲಂ ಪೂರ್ತಿ ಸೊನ್ನೆ. ಸಣ್ಣಕ್ಷರದ ಇಂಗ್ಲಿಷ್ ಪಠ್ಯವಾದರೆ ಮೂರನೆಯ ಕಾಲಂ ಪೂರ್ತಿ ಒಂದು. ಸಣ್ಣಕ್ಷರಗಳು `011`ರಿಂದ, ಖಾಲಿ ಜಾಗ `001`ರಿಂದ ಆರಂಭವಾಗುವುದೇ ಕಾರಣ. ಪರಿವರ್ತಕ ಏನನ್ನೂ ಓದಲಾಗದೆ ಹೋದರೂ ಈ ಕಾಲಂಗಳು ಸುಳ್ಳಾಡುವುದಿಲ್ಲ. ಸೊನ್ನೆಯ ಕಾಲಂ ಮೊದಲನೆಯದಾಗಿರದೆ ನಾಲ್ಕನೆಯದಾಗಿದ್ದರೆ ಸಾಲಿನ ಆರಂಭ ಕಳೆದಿದೆ, ಕತ್ತರಿಸುವ ಜಾಗವನ್ನು ಮೂರು ಅಂಕಿ ಮುಂದೆ ಸರಿಸಬೇಕು ಎಂದರ್ಥ.

ಇದನ್ನು ಎಷ್ಟು ನಂಬಬಹುದು? ಹನ್ನೆರಡು ಗುಂಪುಗಳಿರುವ ಸಾಲಿನಲ್ಲಿ ಒಂದು ಕಾಲಂ ಪೂರ್ತಿ ಸೊನ್ನೆಯಾಗಿರುವುದು ಆಕಸ್ಮಿಕವಾಗಿ 4096ಕ್ಕೆ ಒಂದು ಸಲ ಆದೀತು. ಆದರೆ ನೀವು ಎಂಟು ಕಾಲಂಗಳನ್ನೂ ನೋಡಿದ್ದೀರಿ, ಹಾಗಾಗಿ ಅದು 512ಕ್ಕೆ ಒಂದಕ್ಕೆ ಇಳಿಯಿತು. ಇನ್ನೂ ಬಲವಾದ ಸಾಕ್ಷಿಯೇ. ಅದೇ ನಾಲ್ಕು ಗುಂಪುಗಳ ಸಾಲಾದರೆ ಐದರಲ್ಲಿ ಎರಡು ಸಲ ಎಂಬಷ್ಟು ಸಲೀಸಾಗಿ ಯಾವುದೋ ಒಂದು ಕಾಲಂ ಪೂರ್ತಿ ಸೊನ್ನೆ ಬಂದುಬಿಡಬಹುದು. ಅದರಿಂದ ಏನೂ ತಿಳಿಯುವುದಿಲ್ಲ.

ಬಿಡಿಸಿದ ಒಂದು ಉದಾಹರಣೆ

ಈ ಸಾಲು ಬಂದಿದೆ ಎನ್ನಿ. ಓದಲು ಅನುಕೂಲವಾಗಲೆಂದು ಎರಡು ಪಂಕ್ತಿ ಮಾಡಿದೆ, ನಡುವೆ ಯಾವ ತೆರಪೂ ಇಲ್ಲ:

```
11100000101100101010100011100000101100101011110
111000001011001010110011111000001011001110000110
```

ಉದ್ದ 95. ಎಂಟರಿಂದ ಭಾಗಿಸಿದರೆ ಶೇಷ 7. ಮುಂದಿನ ಸೊನ್ನೆ ಹೋಗಿರಬೇಕು ಎಂದು ಮನಸ್ಸು ಹೇಳುತ್ತದೆ. ಸೊನ್ನೆ ಸೇರಿಸಿ ಎಂಟೆಂಟಾಗಿ ಓದಿದರೆ ಮೊದಲ ಆರು ಬೈಟ್‌ಗಳು ಹೀಗೆ ಬರುತ್ತವೆ:

```
01110000 01011001 01010100 01110000 01011001 01011110
p        Y        T        p        Y        ^
```

ಆರೂ ಅಚ್ಚಾಗುವ ಚಿಹ್ನೆಗಳೇ, ಆರಕ್ಕೂ ಮೊದಲ ಬಿಟ್ ಸೊನ್ನೆಯೇ. ‘ಆಸ್ಕಿ ಸರಿ, ಆದರೆ ಮೇಲೊಂದು ಗೂಢಲಿಪಿ ಇದೆ’ ಎಂದು ಇಲ್ಲಿಂದಲೇ ಎಷ್ಟೋ ಜನ ಅಕ್ಷರ ಬದಲಾವಣೆಯ ಪ್ರಯೋಗಗಳಿಗೆ ಇಳಿದು ಹೊತ್ತು ಕಳೆಯುತ್ತಾರೆ. ಹಾಗೆ ಇಳಿಯುವ ಮೊದಲು ಏಳನೆಯ ಬೈಟ್ ನೋಡಿ. ಅದು `11100000`. ಅಲ್ಲಿಂದ ಮುಂದಿನ ಆರೂ ಬೈಟ್‌ಗಳು ಒಂದರಿಂದಲೇ ಆರಂಭವಾಗುತ್ತವೆ. ಅರ್ಧ ದಾರಿಯವರೆಗೆ ಪೂರ್ತಿ ಸೊನ್ನೆ, ಅಲ್ಲಿಂದ ಪೂರ್ತಿ ಒಂದು: ಕಾಲಂ ಹೀಗೆ ನಟ್ಟನಡುವೆ ಮುರಿದರೆ ಹಾನಿ ಆಗಿರುವುದು ಸಾಲಿನ ಮುಂದೆ ಅಲ್ಲ, ಆ ಮುರಿದ ಜಾಗದ ಆಸುಪಾಸಿನಲ್ಲಿ.

`11100000` ಎಂಬ ಬೈಟ್ ಕನ್ನಡ ಓದುಗರಿಗೆ ಪರಿಚಿತವಾಗಿರಬೇಕಾದದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ `U+0C80`ರಿಂದ `U+0CFF`ವರೆಗೆ. ಯುಟಿಎಫ್-8ರಲ್ಲಿ ಬರೆದಾಗ ಇದರಲ್ಲಿನ ಪ್ರತಿ ಚಿಹ್ನೆಯೂ ಮೂರು ಬೈಟ್ ತೆಗೆದುಕೊಳ್ಳುತ್ತದೆ, ಮತ್ತು ಆ ಮೂರರ ಅಚ್ಚು ಯಾವಾಗಲೂ ಇದೇ:

```
11100000 1011001x 10xxxxxx
```

24 ಬಿಟ್‌ಗಳಲ್ಲಿ 17 ಬದಲಾಗುವುದೇ ಇಲ್ಲ. ಕನ್ನಡ ಪಠ್ಯ ಸೊನ್ನೆ–ಒಂದುಗಳಾಗಿ ಬಂದರೆ 24 ಬಿಟ್‌ಗಳಿಗೊಮ್ಮೆ `11100000` ಕಾಣಲೇಬೇಕು. ನಡುವೆ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಬಂದಲ್ಲಿ ಮಾತ್ರ ಎಂಟು ಬಿಟ್ ಹೆಚ್ಚಾಗುತ್ತದೆ. ಬೈಟ್‌ಗಳಾಗಿ ಕತ್ತರಿಸದೆ, ಅಚ್ಚನ್ನೇ ಹುಡುಕಿ:

```
print([i for i in range(len(s))
       if s.startswith("11100000", i)])
```

ನಮ್ಮ ಸಾಲಿಗೆ ಉತ್ತರ `[0, 24, 47, 71]`. ವ್ಯತ್ಯಾಸಗಳನ್ನು ತೆಗೆಯಿರಿ: 24, 23, 24, ಕೊನೆಯ ಚಿಹ್ನೆಯಿಂದ ಸಾಲಿನ ಅಂತ್ಯಕ್ಕೆ ಮತ್ತೆ 24. ನಾಲ್ಕು ಚಿಹ್ನೆಗಳಿವೆ, ಎರಡನೆಯದರಲ್ಲಿ ಒಂದು ಬಿಟ್ ಕಡಿಮೆಯಾಗಿದೆ. ಹಾನಿಯ ಜಾಗ ಸಿಕ್ಕಿತು.

ಆ 23 ಬಿಟ್‌ಗಳನ್ನು ಬಿಡಿಸಿ ನೋಡಿದರೆ `11100000`, `10110010` ಎರಡೂ ಇಡಿಯಾಗಿವೆ. ಉಳಿದದ್ದು `1011110`, ಏಳೇ ಬಿಟ್. ಇದಕ್ಕೆ ಒಂದು ಬಿಟ್ ಸೇರಿಸಿ `10`ರಿಂದ ಆರಂಭವಾಗುವ ಬೈಟ್ ಮಾಡಲು ಏಳು ದಾರಿಗಳಿವೆ, ಹೆಚ್ಚಿಲ್ಲ:

```
10011110  ಞ
10101110  ಮ
10110110  ಶ
10111010  (ಖಾಲಿ)
10111100  ನುಕ್ತಾ
10111101  ಅವಗ್ರಹ
10111110  ಆಕಾರದ ಗುಣಿತ ಚಿಹ್ನೆ
```

ನಾಲ್ಕನೆಯದಕ್ಕೆ ಯೂನಿಕೋಡ್‌ನಲ್ಲಿ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ಸುತ್ತಲಿನ ಮೂರು ಚಿಹ್ನೆಗಳು ಹಾನಿಯಿಲ್ಲದೆ ಉಳಿದಿವೆ: ಮೊದಲನೆಯದು ನ, ಮೂರನೆಯದು ಳ, ನಾಲ್ಕನೆಯದು ಎಕಾರದ ಗುಣಿತ ಚಿಹ್ನೆ. ಜೋಡಿಸಿದರೆ ‘ನಞಳೆ’, ‘ನಮಳೆ’, ‘ನಶಳೆ’ ಯಾವುದೂ ಪದವಲ್ಲ, ‘ನಾಳೆ’ ಪದ. ಬಿದ್ದುಹೋದದ್ದು ಐದು ಒಂದುಗಳ ಸತತ ಗುಂಪಿನಲ್ಲಿ ಒಂದು. ಕೈಯಿಂದ ನಕಲು ಮಾಡುವಾಗ ತಪ್ಪುವುದು ಇಂಥಲ್ಲೇ ಎಂದು ಮೊದಲೇ ಹೇಳಿದ್ದಕ್ಕೂ ಇದು ಹೊಂದುತ್ತದೆ.

ಇಲ್ಲಿ ಸಾಕ್ಷಿಯ ಬಲ ‘ನಾಳೆ’ ಎಂಬ ಪದದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅಚ್ಚಿನಲ್ಲಿದೆ. ನಾಲ್ಕು ಚಿಹ್ನೆಗಳಲ್ಲಿ ಒಟ್ಟು 68 ಬಿಟ್‌ಗಳು ಎಲ್ಲಿ ಏನಿರಬೇಕೋ ಅಲ್ಲಿ ಅದೇ ಆಗಿ ಕೂತಿವೆ. ಇದು ಆಕಸ್ಮಿಕವಾಗಿ ಆಗದು. ಎರಡನೆಯ ಚಿಹ್ನೆ ಯಾವುದೆಂದು ಪತ್ತೆಯಾಗದೆ ಹೋಗಿದ್ದರೂ ಸಾಲು ಕನ್ನಡದ ಸಂದೇಶ ಎಂಬ ತೀರ್ಮಾನ ಅಲುಗುತ್ತಿರಲಿಲ್ಲ. ಓದಲು ಬಂತೇ ಎಂಬುದು ಒಂದು ಪ್ರಶ್ನೆ, ಸಂದೇಶವೇ ಎಂಬುದು ಇನ್ನೊಂದು. ಎರಡನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಿ.

ಸಾಲು ಸರಿಯಾಗಿದ್ದೂ ಪರಿವರ್ತಕ ಕೆಡಿಸುವ ಸಂದರ್ಭವೂ ಉಂಟು. ಹಲವು ಪರಿವರ್ತಕಗಳು ಒಂದು ಬೈಟ್‌ಗೆ ಒಂದು ಅಕ್ಷರ ಎಂದುಕೊಂಡು ಓದುತ್ತವೆ. ಹಾನಿಯಿಲ್ಲದ 96 ಬಿಟ್‌ಗಳ ‘ನಾಳೆ’ಯನ್ನು ಹಾಗೆ ಓದಿದರೆ ಕಾಣುವುದು ಇದು:

```
à²¨à²¾à²³à³†
```

`à²` ಅಥವಾ `à³` ಎಂಬ ಜೋಡಿ ಮೂರು ಚಿಹ್ನೆಗಳಿಗೊಮ್ಮೆ ಮರುಕಳಿಸಿದರೆ ಅದು ಕನ್ನಡವೇ. ಪರಿವರ್ತಕದಲ್ಲಿ ಯುಟಿಎಫ್-8 ಆರಿಸಿದರೆ ಮುಗಿಯಿತು.

ಚುಕ್ಕೆ–ಗೆರೆಗಳಾದರೆ

ಚುಕ್ಕೆ–ಗೆರೆಗಳ ಸಾಲಿಗೆ ಹಾನಿ ಮಾಡುವುದು ಹೆಚ್ಚಾಗಿ ಫೋನಿನ ಕೀಲಿಮಣೆಯೇ. ಮೂರು ಚುಕ್ಕೆ ಒತ್ತಿದರೆ ಅದು ಮೂರನ್ನೂ ಸೇರಿಸಿ `…` ಎಂಬ ಒಂದೇ ಚಿಹ್ನೆ ಮಾಡುತ್ತದೆ. ಎರಡು ಅಡ್ಡಗೆರೆ ಒತ್ತಿದರೆ `—` ಎಂಬ ಒಂದು ಉದ್ದ ಗೆರೆ ಮಾಡುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದು, ಪರಿವರ್ತಕ ಮಾತ್ರ ಅದನ್ನು ಗುರುತಿಸದೆ ಬಿಟ್ಟುಬಿಡುತ್ತದೆ. `…` ಇದ್ದಲ್ಲೆಲ್ಲ ಮೂರು ಚುಕ್ಕೆ ಹಾಕಿ. ಗೆರೆಯ ವಿಷಯದಲ್ಲಿ ಎಚ್ಚರ ಬೇಕು: ಸಾಲಿನಲ್ಲಿ ಉದ್ದ ಗೆರೆಯೂ ಚಿಕ್ಕ ಗೆರೆಯೂ ಎರಡೂ ಇದ್ದರೆ ಉದ್ದದ್ದು ಎರಡು ಗೆರೆ ಸೇರಿದ್ದು, ಬರೀ ಉದ್ದ ಗೆರೆಗಳೇ ಇದ್ದರೆ ಬರೆದವರು ಒಂದು ಗೆರೆಗೆ ಅದನ್ನೇ ಬಳಸಿದ್ದಾರೆ ಎಂದು ಮೊದಲು ಪ್ರಯತ್ನಿಸಿ.

ಆಮೇಲೆ ಗುಂಪುಗಳ ಉದ್ದ ನೋಡಿ. ಅಂತಾರಾಷ್ಟ್ರೀಯ ಮೋರ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಹೆಚ್ಚೆಂದರೆ ನಾಲ್ಕು, ಅಂಕಿಗೆ ಐದು, ಪೂರ್ಣವಿರಾಮ, ಅಲ್ಪವಿರಾಮದಂಥವಕ್ಕೆ ಆರು ಗುರುತುಗಳು. ಏಳಕ್ಕಿಂತ ಉದ್ದದ ಗುಂಪು ಕಂಡರೆ ತೆರಪು ಕಳೆದುಹೋಗಿದೆ. ಸತತ ಎಂಟು ಚುಕ್ಕೆ ಮತ್ತು ಅಪಾಯದ ಕರೆಯಾದ `...---...` ಮಾತ್ರ ಇದಕ್ಕೆ ಹೊರತು. ಎಂಟು ಚುಕ್ಕೆ ‘ತಪ್ಪಾಯಿತು’ ಎಂದು ಹೇಳುವ ಸಂಕೇತ. ಎಲ್ಲ ಗುಂಪೂ ಐದೈದೇ ಆಗಿದ್ದರೆ ಅಂಕಿಗಳಿರಬಹುದು. ಮೋರ್ಸ್ ಅಂಕಿಗಳಲ್ಲಿ ಚುಕ್ಕೆಯಿಂದ ಗೆರೆಗೋ ಗೆರೆಯಿಂದ ಚುಕ್ಕೆಗೋ ಒಂದಕ್ಕಿಂತ ಹೆಚ್ಚು ಸಲ ಬದಲಾವಣೆ ಆಗುವುದೇ ಇಲ್ಲ, ಹಾಗಾಗಿ `.-.--` ಥರದ ಗುಂಪು ಕಂಡ ಕೂಡಲೇ ಅಂಕಿಯ ಊಹೆ ಬಿಡಿ.

ಚುಕ್ಕೆ–ಗೆರೆ ಅದಲುಬದಲಾಗಿದೆಯೇ ಎಂಬುದಕ್ಕೆ ಒಂದು ಖಚಿತ ಗುರುತಿದೆ. ನಾಲ್ಕು ಗುರುತುಗಳ ಹದಿನಾರು ಜೋಡಣೆಗಳಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ ಬಳಕೆಯಾಗಿಲ್ಲ:

```
----   ---.   .-.-   ..--
```

ಇವನ್ನು ತಿರುಗಿಸಿದರೆ ಕ್ರಮವಾಗಿ `H`, `V`, `C`, `Z` ಸಿಗುತ್ತವೆ. ಇಂಗ್ಲಿಷಿನಲ್ಲಿ `H` ಬಹಳ ಬರುವ ಅಕ್ಷರವಾದ್ದರಿಂದ, ಅದಲುಬದಲಾದ ಸಂದೇಶದಲ್ಲಿ `----` ಪದೇಪದೇ ಕಾಣುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರೂ ಮಹಾಪ್ರಾಣಗಳಿಂದಾಗಿ ಇದೇ ಗುರುತು ಕೆಲಸ ಮಾಡುತ್ತದೆ.

ತೆರಪೇ ಇಲ್ಲದ ಚುಕ್ಕೆ–ಗೆರೆ ಸಾಲು ಎಲ್ಲಕ್ಕಿಂತ ಕಷ್ಟದ್ದು. ಎಲ್ಲರಿಗೂ ಗೊತ್ತಿರುವ `...---...` ಅನ್ನೇ ತೆಗೆದುಕೊಳ್ಳಿ. ಅಪಾಯದ ಕರೆಯಾಗಿ ಅದನ್ನು ತೆರಪಿಲ್ಲದೆ ಒಂದೇ ಸಂಕೇತವಾಗಿ ಕಳಿಸುವುದೇ ಪದ್ಧತಿ, ಆದ್ದರಿಂದ ಅದನ್ನು ನಾವು ಗುರುತಿಸುತ್ತೇವೆ. ಆದರೆ ಅದೇ ಒಂಬತ್ತು ಗುರುತುಗಳನ್ನು ಅಂಕಿ ಬಿಟ್ಟು ಬರೀ ಅಕ್ಷರಗಳಾಗಿ 192 ರೀತಿಯಲ್ಲಿ ಕತ್ತರಿಸಬಹುದು. ಉದ್ದ ಒಂದೊಂದು ಹೆಚ್ಚಿದಂತೆ ಈ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೂವತ್ತು ಗುರುತುಗಳ ಸಾಲಿನಲ್ಲಿ ಬೇಕೆಂದ ಪದ ಹುಡುಕಿ ತೆಗೆಯುವುದು ಸುಲಭ, ಹಾಗೆ ಸಿಕ್ಕ ಪದಕ್ಕೆ ಸಾಕ್ಷಿಯ ಬೆಲೆ ಇಲ್ಲ. ಇಂಥದ್ದು ಬಂದರೆ ತೆರಪು ಉಳಿದಿರುವ ಮೂಲ ಕೇಳಿ. ಧ್ವನಿಯಾಗಿ ಬಂದಿದ್ದರೆ ಮತ್ತೆ ಕೇಳಿ ಮೌನಗಳನ್ನು ಅಳೆಯಿರಿ.

ಸಂದೇಶವಲ್ಲ ಎನ್ನುವುದು ಯಾವಾಗ

ಮನುಷ್ಯರು ಮನಬಂದಂತೆ ಸೊನ್ನೆ–ಒಂದು ಒತ್ತಿದರೆ ಅದಕ್ಕೂ ಒಂದು ಚಹರೆ ಇರುತ್ತದೆ. ಒಂದೇ ಅಂಕಿ ಮೂರ್ನಾಲ್ಕು ಸಲ ಬಂದ ಕೂಡಲೇ ‘ಇದು ಬೆರಕೆ ಅನಿಸುತ್ತಿಲ್ಲ’ ಎಂದು ಕೈ ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ. ನಾಣ್ಯವನ್ನು 100 ಸಲ ಚಿಮ್ಮಿದರೆ ಎಲ್ಲೋ ಒಂದು ಕಡೆ ಒಂದೇ ಮುಖ ಸತತ ಐದು ಸಲವಾದರೂ ಬರುವುದು ಬಹುತೇಕ ಖಚಿತ, ಅಂಕಿ ಬದಲಾಗುವುದು ಸುಮಾರು 50 ಕಡೆ. ನೂರರ ಸಾಲಿನಲ್ಲಿ ಐದರ ಗುಂಪು ಒಂದೂ ಇಲ್ಲದೆ, ಬದಲಾವಣೆ 60 ದಾಟಿ, ಯಾವ ಕಾಲಂನಲ್ಲೂ ಕ್ರಮ ಕಾಣದಿದ್ದರೆ ಅದು ಬೆರಳಾಟ ಎನ್ನಬಹುದು.

ಹಾಗೆನ್ನುವ ಮೊದಲು ಐದೈದರ ಗುಂಪನ್ನು ಒಮ್ಮೆ ಪರೀಕ್ಷಿಸಿ. ಫ್ರಾನ್ಸಿಸ್ ಬೇಕನ್ 1623ರಲ್ಲಿ ವಿವರಿಸಿದ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಎರಡೇ ಚಿಹ್ನೆಗಳ ಐದರ ಗುಂಪು. ಒಟ್ಟು 24 ಅಕ್ಷರಗಳು. ಸೊನ್ನೆ–ಒಂದಾಗಿ ಬರೆದರೆ `00000`ರಿಂದ `10111`ವರೆಗೆ ಮುಗಿಯುತ್ತದೆ, `11`ರಿಂದ ಆರಂಭವಾಗುವ ಗುಂಪೇ ಇರುವುದಿಲ್ಲ. ಇಪ್ಪತ್ತು ಗುಂಪುಗಳಲ್ಲಿ `11`ರ ಆರಂಭ ಒಂದೂ ಕಾಣದಿರುವುದು ಆಕಸ್ಮಿಕವಾಗಿ ಸಾವಿರಕ್ಕೆ ಮೂರು ಸಲ ಮಾತ್ರ ಆದೀತು.

ಯಾವ ಪರೀಕ್ಷೆಯಲ್ಲೂ ಕ್ರಮ ಕಾಣದೆ, ಸತತ ಗುಂಪುಗಳೂ ನಾಣ್ಯದಂತೆಯೇ ಇದ್ದರೆ ‘ಸಂದೇಶವಲ್ಲ’ ಎನ್ನಲು ಬರುವುದಿಲ್ಲ. ಗಟ್ಟಿಯಾಗಿ ಗೂಢಲಿಪೀಕರಿಸಿದ್ದೂ ಚೆನ್ನಾಗಿ ಸಂಕುಚಿಸಿದ್ದೂ ಹೊರಗಿನಿಂದ ಹಾಗೆಯೇ ಕಾಣುತ್ತವೆ. ಕೀಲಿಯಿಲ್ಲದೆ ಅದರ ಮುಂದೆ ಈ ವಿಧಾನಗಳು ಹೋಗುವುದಿಲ್ಲ.

ಚಿಕ್ಕ ಸಾಲುಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಹದಿನಾರು ಬಿಟ್‌ಗಳು ಎರಡು ಸಣ್ಣಕ್ಷರಗಳಾಗಿ ಬಿಡಿಸಿಕೊಳ್ಳುವುದು ಆಕಸ್ಮಿಕವಾಗಿಯೇ ನೂರಕ್ಕೆ ಒಂದು ಸಲ ಆಗುತ್ತದೆ. ತಿರುಗುಮುರುಗಾಗಿ ಓದಿ, ಸೊನ್ನೆ–ಒಂದು ಅದಲುಬದಲು ಮಾಡಿ, ಎರಡನ್ನೂ ಮಾಡಿ ನೋಡಿದರೆ ನಾಲ್ಕು ಪ್ರಯತ್ನವಾಯಿತು, ಸಂಭವ ಇಪ್ಪತ್ತೈದಕ್ಕೆ ಒಂದು. ಅದರ ಮೇಲೆ ಏಳು, ಆರು, ಐದರ ಕತ್ತರಿಯನ್ನೂ ಹಾಕಿದರೆ ಏನಾದರೂ ಸಿಗುವುದು ಆಶ್ಚರ್ಯವೇ ಅಲ್ಲ. ಆದ್ದರಿಂದ ಎಷ್ಟು ಬಗೆಯಲ್ಲಿ ಓದಿದಿರಿ ಎಂಬುದನ್ನು ಮೊದಲಿನಿಂದಲೇ ಬರೆದಿಡಿ, ಕೊನೆಯಲ್ಲಿ ಸಂಭವವನ್ನು ಆ ಸಂಖ್ಯೆಯಿಂದ ಗುಣಿಸಿ.

ಉತ್ತರ ಬರೆಯುವಾಗ ಬಂದ ಸಾಲನ್ನು ಬಂದಂತೆಯೇ, ಸರಿಪಡಿಸಿದ ಸಾಲನ್ನು ಅದರ ಕೆಳಗೆ, ಎಷ್ಟನೆಯ ಜಾಗದಲ್ಲಿ ಏನು ಸೇರಿಸಿದಿರಿ ಅಥವಾ ತೆಗೆದಿರಿ ಎಂಬುದನ್ನು ಅದರ ಕೆಳಗೆ ಇಡಿ. ಮೇಲಿನ ಉದಾಹರಣೆಗಾದರೆ: ‘ಉದ್ದ 95, ಯುಟಿಎಫ್-8 ಕನ್ನಡ ಅಚ್ಚು ನಾಲ್ಕು ಸಲ, ಎರಡನೆಯ ಚಿಹ್ನೆಯ ಮೂರನೆಯ ಬೈಟ್‌ನಲ್ಲಿ ಒಂದು ಬಿಟ್ ಲೋಪ, ಏಳು ಸಾಧ್ಯತೆಗಳಲ್ಲಿ ಒಂದೇ ಪದ, ಓದು: ನಾಳೆ.’ ಮೂಲ ಸಾಲು ಇನ್ನೂ ಕಳಿಸಿದವರ ಬಳಿ ಇದ್ದರೆ, ಸಾಲಿನ ಮೊದಲ ಅಂಕಿಯನ್ನು 1 ಎಂದು ಎಣಿಸಿದಾಗ 43ರಿಂದ 46ರವರೆಗಿನ ನಾಲ್ಕು ಒಂದುಗಳು ಅಲ್ಲಿ ಐದಾಗಿವೆಯೇ ಎಂದಷ್ಟೇ ಕೇಳಿ.